ಬೆಳೆದವರ ಹೊಟ್ಟೆಗೆ ಹಾಲು ಒಗ್ಗಿದ ಬಗೆ

ತಾಂಜಾನಿಯಾ, ಕೀನ್ಯಾ, ಸುಡಾನ್‌ಗಳ ಊರೂರು ಸುತ್ತಿ ಸಾರಾ ಟಿಶ್ಕಾಫ್ ಎಂಬ ಅಮೆರಿಕದ ತಳಿವಿಜ್ಞಾನಿ ಮತ್ತು ಅವರ ತಂಡ ಒಂದು ಪರೀಕ್ಷೆ ನಡೆಸಿತು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ 50 ಗ್ರಾಂ ಹಾಲಿನ ಸಕ್ಕರೆ ಕದಡಿದ ನೀರು ಕುಡಿಸುವುದು, ಆಮೇಲೆ ಒಂದು ಗಂಟೆಯವರೆಗೆ 20 ನಿಮಿಷಕ್ಕೊಮ್ಮೆ ಬೆರಳು ಚುಚ್ಚಿ ರಕ್ತದ ಸಕ್ಕರೆ ಅಳೆಯುವುದು. ಸುಮಾರು ಒಂದು ಲೀಟರ್ ಹಾಲಿನಲ್ಲಿರುವಷ್ಟು ಸಕ್ಕರೆ ಅದು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ನೋಡಿಕೊಳ್ಳುವ ಲೆಕ್ಕದಲ್ಲಿ ಹೇಳುವುದಾದರೆ, ರಕ್ತದ ಸಕ್ಕರೆ 30 ಅಂಕಕ್ಕಿಂತ ಹೆಚ್ಚು ಏರಿದವರಿಗೆ ಹಾಲು ಅರಗುತ್ತದೆ, 20ರ ಒಳಗೇ ಉಳಿದವರಿಗೆ ಅರಗದು. ನಡುವೆ ನಿಂತವರ ಬಗ್ಗೆ ಏನೂ ಹೇಳಲಾಗದು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡಾಗಿ ಒಡೆಯಬೇಕು. ಎಳೆಗೂಸುಗಳಿಗೆ ಈ ಕಿಣ್ವ ಧಾರಾಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಎಲ್ಲ ಸಸ್ತನಿಗಳಲ್ಲೂ ಅದರ ಜೀನ್ ಮೆಲ್ಲಗೆ ಕೆಲಸ ನಿಲ್ಲಿಸುತ್ತದೆ. ಆಮೇಲೆ ಹಾಲು ಕುಡಿದರೆ ಸಕ್ಕರೆ ಒಡೆಯದೆ ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಕೆಲವರಿಗೆ ಬೇದಿಯೂ ಆಗುತ್ತದೆ. ಜಗತ್ತಿನ ಬೆಳೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆಯೇ. ಆದ್ದರಿಂದ ಹಾಲು ಅರಗದಿರುವುದನ್ನು ಕಾಯಿಲೆ ಎನ್ನುವುದೇ ನನಗೆ ಸರಿ ಕಾಣುವುದಿಲ್ಲ. ವಿವರಣೆ ಕೇಳುವುದು ಉಳಿದ ಮೂರನೇ ಒಂದು ಪಾಲು.

ಆ ವಿವರಣೆಯ ಮೊದಲ ತುದಿ ಸಿಕ್ಕಿದ್ದು ಫಿನ್‌ಲೆಂಡಿನಲ್ಲಿ. ಅಲ್ಲಿನ ಒಂಬತ್ತು ದೊಡ್ಡ ಕುಟುಂಬಗಳ ವಂಶಾವಳಿ ಹಿಡಿದು ಹುಡುಕಿದ ಸಂಶೋಧಕರು 2002ರಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಕಂಡರು: ಸಿ ಇರಬೇಕಾದಲ್ಲಿ ಟಿ. ಅದು ಲ್ಯಾಕ್ಟೇಸ್ ಜೀನಿನ ಒಳಗಲ್ಲ, ಅದಕ್ಕಿಂತ 13,910 ಅಕ್ಷರ ಮೊದಲೇ, ಪಕ್ಕದ ಇನ್ನೊಂದು ಜೀನಿನ ಹೊಟ್ಟೆಯಲ್ಲಿತ್ತು. ಕಿಣ್ವ ಹೇಗಿರಬೇಕು ಎಂಬುದನ್ನು ಅದು ಬದಲಿಸಿರಲಿಲ್ಲ. ಜೀನ್ ಯಾವಾಗ ಆರಬೇಕು ಎಂಬ ಸ್ವಿಚ್ಚನ್ನು ಮಾತ್ರ ಕೆಡಿಸಿತ್ತು.

ಟಿಶ್ಕಾಫ್ ತಂಡ 43 ಜನಾಂಗಗಳ 470 ಜನರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹಾಲು ಅರಗುವ ಆಫ್ರಿಕನ್ನರು ಬೇಕಾದಷ್ಟಿದ್ದರು, ಯುರೋಪಿನ ಆ ಟಿ ಅಕ್ಷರಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಅದೇ ಸ್ವಿಚ್ಚಿನ ಆಸುಪಾಸಿನಲ್ಲಿ, ಬೇರೆ ಜಾಗಗಳಲ್ಲಿ, ಬೇರೆ ಮೂರು ಅಕ್ಷರಗಳು ಬದಲಾಗಿದ್ದವು. ಇವುಗಳಲ್ಲಿ ಕೀನ್ಯಾ, ತಾಂಜಾನಿಯಾಗಳಲ್ಲಿ ಹೆಚ್ಚು ಹರಡಿದ್ದು 14,010ನೆಯ ಅಕ್ಷರದ ಬದಲಾವಣೆ. ದನ ಸಾಕಿದ ಜನ ದೂರದೂರದಲ್ಲಿದ್ದು ಬೇರೆಬೇರೆಯಾಗಿ ಒಂದೇ ಕಡೆಗೆ ಬಂದು ಮುಟ್ಟಿದ್ದರು.

ಬದಲಾವಣೆ ಸಿಕ್ಕಿತು ಎಂದಮಾತ್ರಕ್ಕೆ ಅದನ್ನು ನೈಸರ್ಗಿಕ ಆಯ್ಕೆಯೇ ಹರಡಿತು ಎನ್ನಲಾಗದು. ಯಾವ ಲಾಭನಷ್ಟವೂ ಇಲ್ಲದ ಅಕ್ಷರವೂ ಬರೀ ಅದೃಷ್ಟದಿಂದ ಹರಡಬಹುದು. ಎರಡನ್ನೂ ಬೇರ್ಪಡಿಸುವ ಉಪಾಯ ಸೊಗಸಾಗಿದೆ. ನಮ್ಮ ಪ್ರತಿ ವರ್ಣತಂತುವೂ ಜೋಡಿಯಾಗಿರುತ್ತದೆ. ಮಲ್ಲಿಗೆ, ಸೇವಂತಿಗೆ, ಮರುಗ, ಕಾಕಡ ಬೇರೆಬೇರೆ ಕ್ರಮದಲ್ಲಿ ಕಟ್ಟಿದ ಎರಡು ಮಾಲೆಗಳೆಂದುಕೊಳ್ಳಿ. ಮಗುವಿಗೆ ಕೊಡುವ ಮೊದಲು ತಾಯಿಯೋ ತಂದೆಯೋ ಆ ಎರಡನ್ನೂ ಒಂದೆರಡು ಕಡೆ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಕಟ್ಟುತ್ತಾರೆ. ಒಂದು ಮಾಲೆಯಲ್ಲಿ ಎಂದೋ ಒಂದು ಕನಕಾಂಬರ ಹೊಸದಾಗಿ ಸೇರಿತೆನ್ನಿ. ಮೊದಲ ದಿನ ಅದರ ಎಡಬಲದ ಹೂಗಳೆಲ್ಲ ಆ ಮೂಲ ಮಾಲೆಯವೇ. ತಲೆಮಾರು ಕಳೆದಂತೆ ಕತ್ತರಿ ಹತ್ತಿರ ಹತ್ತಿರ ಬರುತ್ತದೆ, ಹಳೆಯ ನೆರೆಹೊರೆ ಗಿಡ್ಡವಾಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ಹತ್ತು ಲಕ್ಷ ಅಕ್ಷರದ ತುಂಡಿನೊಳಗೆ ಕತ್ತರಿ ಬೀಳುವ ಸಂಭವ ತಲೆಮಾರಿಗೆ ಸರಾಸರಿ ಶೇ 1. ಇನ್ನೂರು ತಲೆಮಾರು, ಅಂದರೆ ಐದಾರು ಸಾವಿರ ವರ್ಷ ಕಳೆದರೂ ಅಂಥ ತುಂಡು ಇಡಿಯಾಗಿ ಉಳಿಯುವ ಸಂಭವ ಶೇ 13ರಷ್ಟಿರುತ್ತದೆ. ಸಾವಿರ ತಲೆಮಾರಾದರೆ ಒಂದು ಲಕ್ಷ ಪ್ರತಿಗಳಲ್ಲಿ ನಾಲ್ಕು ಉಳಿದರೆ ಹೆಚ್ಚು. ಅದೃಷ್ಟವನ್ನೇ ನಂಬಿದ ಅಕ್ಷರಕ್ಕೆ ದೊಡ್ಡ ಜನಸಮುದಾಯದಲ್ಲಿ ಮನೆಮಾತಾಗಲು ಸಾವಿರಾರು ತಲೆಮಾರು ಬೇಕು. ಅಷ್ಟರಲ್ಲಿ ಅದರ ನೆರೆಹೊರೆ ಚೂರುಚೂರಾಗಿರುತ್ತದೆ. ಹಾಗಾಗಿ ಒಂದು ಅಕ್ಷರ ಬಹಳ ಜನರಲ್ಲಿದ್ದು ಅದರ ನೆರೆಹೊರೆಯೂ ಉದ್ದಕ್ಕೆ ಉಳಿದಿದ್ದರೆ, ಅದು ಓಡೋಡಿ ಬಂದಿದೆ ಎಂದರ್ಥ. 14,010ರ ಬದಲಾವಣೆ ಇರುವ ವರ್ಣತಂತುಗಳಲ್ಲಿ ಈ ನೆರೆಹೊರೆ 20 ಲಕ್ಷ ಅಕ್ಷರಗಳಿಗಿಂತ ಉದ್ದವಿತ್ತು. ಅದು ಹರಡಿದ್ದು ಕಳೆದ ಸುಮಾರು 7,000 ವರ್ಷಗಳೊಳಗೆ ಎಂದು ತಂಡ ಲೆಕ್ಕ ಹಾಕಿತು.

ಇಲ್ಲಿ ಎಡವುವುದಕ್ಕೂ ಜಾಗವಿದೆ. ವರ್ಣತಂತುವಿನ ಕೆಲವು ಭಾಗಗಳಲ್ಲಿ ಕತ್ತರಿಯೇ ಅಪರೂಪ, ಅಲ್ಲಿ ಎಲ್ಲರ ನೆರೆಹೊರೆಯೂ ಉದ್ದವೇ. ಅದಕ್ಕೆ ಅದೇ ಜಾಗದಲ್ಲಿ ಹಳೆಯ ಅಕ್ಷರ ಇಟ್ಟುಕೊಂಡವರ ಮಾಲೆಯನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ; ಇಲ್ಲಿ ಅದು ತೀರಾ ಗಿಡ್ಡವಿತ್ತು. ಹಿಂದೊಮ್ಮೆ ಜನಸಂಖ್ಯೆ ಕುಸಿದಿದ್ದರೂ ಮಾಲೆಗಳು ಉದ್ದವಾಗಿ ಕಾಣುತ್ತವೆ, ಆದರೆ ಆಗ ಎಲ್ಲ ವರ್ಣತಂತುಗಳಲ್ಲೂ ಹಾಗಿರಬೇಕು, ಇದೊಂದೇ ಜಾಗದಲ್ಲಲ್ಲ.

ಇದೇ ಉಪಾಯ ನಮ್ಮ ದೇಶದ ಬಗ್ಗೆಯೂ ಒಂದು ಮಾತು ಹೇಳಿದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲು ಅರಗುವ ಭಾರತೀಯರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಫಿನ್‌ಲೆಂಡಿನ ಅದೇ ಟಿ ಅಕ್ಷರ, ನೆರೆಹೊರೆಯೂ ಯುರೋಪಿನದ್ದೇ. ಅಂದರೆ ಅದು ಇಲ್ಲಿ ಬೇರೆಯಾಗಿ ಹುಟ್ಟಿದ್ದಲ್ಲ, ಎರಡೂ ಕಡೆಗೆ ಮೂಲ ಒಂದೇ. ವಾಯವ್ಯದಲ್ಲಿ ಹೆಚ್ಚು, ತೆಂಕಣಕ್ಕೂ ಮೂಡಣಕ್ಕೂ ಬಂದಂತೆ ಕಡಿಮೆ. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಸಕ್ಕರೆಯ ಒಂದಂಶವನ್ನು ಮೊದಲೇ ಮುಗಿಸಿರುತ್ತವೆ, ತುಪ್ಪದಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಮಜ್ಜಿಗೆ ಅನ್ನ ಉಣ್ಣುವವರಿಗೆ ಆ ಟಿ ಅಕ್ಷರದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಈ ಮಜ್ಜಿಗೆಯ ಮಾತೇ ಹಳೆಯ ಕಥೆಗೆ ತೊಡಕಾಯಿತು. ದನ ಸಾಕಿದರು, ಹಾಲು ಕುಡಿದರು, ಅರಗಿಸಿಕೊಂಡವರು ಹೆಚ್ಚು ಮಕ್ಕಳನ್ನು ಹೆತ್ತರು ಎಂದು ಪಠ್ಯಗಳು ಹೇಳುತ್ತಿದ್ದವು. ಆಮೇಲೆ ಹಳೆಯ ಮೂಳೆಗಳಿಂದಲೇ ಡಿಎನ್‌ಎ ತೆಗೆಯುವುದು ಸಾಧ್ಯವಾಯಿತು. ಇವತ್ತಿನ ಮಾಲೆ ನೋಡಿ ಊಹಿಸುವ ಬದಲು ಅಂದಿನ ಮಾಲೆಯನ್ನೇ ನೋಡಬಹುದಾಯಿತು. ಜರ್ಮನಿಯ ಟೊಲೆನ್ಸ ನದಿಯ ದಂಡೆಯಲ್ಲಿ ಕ್ರಿ.ಪೂ. 1200ರ ಹೊತ್ತಿಗೆ ಒಂದು ಕಾಳಗ ನಡೆದಿತ್ತು. ಅಲ್ಲಿ ಸತ್ತವರಲ್ಲಿ ಸುಮಾರು ಎಂಟಕ್ಕೆ ಒಬ್ಬರಲ್ಲಿ ಮಾತ್ರ ಟಿ ಅಕ್ಷರವಿತ್ತು. ಅಷ್ಟು ಹೊತ್ತಿಗೆ ಯುರೋಪಿನವರು ಹಾಲು ಕರೆಯತೊಡಗಿ ಸಾವಿರಾರು ವರ್ಷ ಆಗಿತ್ತು.

ಹಾಲು ಕರೆಯುತ್ತಿದ್ದರು ಎಂದು ತಿಳಿದದ್ದು ಮಡಕೆಗಳಿಂದ. ಸುಟ್ಟ ಮಣ್ಣು ಕೊಬ್ಬನ್ನು ಹೀರಿ ಸಾವಿರಾರು ವರ್ಷ ಹಿಡಿದಿಟ್ಟುಕೊಳ್ಳುತ್ತದೆ. ಆ ಕೊಬ್ಬಿನ ಇಂಗಾಲವನ್ನು ತೂಗಿ ನೋಡಿದರೆ ಅದು ಮಾಂಸದ್ದೋ ಹಾಲಿನದ್ದೋ ಎಂದು ಹೇಳಬಹುದು. ರಿಚರ್ಡ್ ಎವರ್‌ಷೆಡ್, ಮಾರ್ಕ್ ಥಾಮಸ್ ಮತ್ತು ಸಂಗಡಿಗರು 554 ನೆಲೆಗಳ ಸುಮಾರು 7,000 ಕೊಬ್ಬಿನ ಮಾದರಿಗಳನ್ನು ಹಳೆಯ ಡಿಎನ್‌ಎ ಜೊತೆಗಿಟ್ಟು 2022ರಲ್ಲಿ ನೋಡಿದಾಗ, ಎಲ್ಲಿ ಹಾಲಿನ ಬಳಕೆ ಹೆಚ್ಚಿತ್ತೋ ಅಲ್ಲೇ ಆ ಅಕ್ಷರ ಬೇಗ ಏರಿತು ಎಂಬ ನಂಟು ಕಾಣಲಿಲ್ಲ. ಇವತ್ತಿನ ಬ್ರಿಟನ್ನಿನಲ್ಲೂ ಆ ಅಕ್ಷರ ಇಲ್ಲದವರು ಹಾಲು ಕುಡಿಯುತ್ತಾರೆ, ಅದರಿಂದ ಅವರ ಆರೋಗ್ಯವೇನೂ ಕೆಟ್ಟಿಲ್ಲ.

ಹೊಟ್ಟೆ ಉಬ್ಬರದಿಂದ ಯಾರೂ ಸಾಯುವುದಿಲ್ಲ. ಸಾಯದಿದ್ದರೆ, ಮಕ್ಕಳಿಗೂ ಕೊರತೆಯಾಗದಿದ್ದರೆ, ಆಯ್ಕೆಗೆ ಹಿಡಿಯೇ ಸಿಗುವುದಿಲ್ಲ. ಅದೇ ಬೇದಿ ಬರಗಾಲದಲ್ಲಿ, ಮೊದಲೇ ಸೊರಗಿದ ಮೈಗೆ ಹತ್ತಿದರೆ ಲೆಕ್ಕ ಬೇರೆ. ಬೆಳೆ ಕೈಕೊಟ್ಟು, ಕೂಡಿಟ್ಟ ಗಿಣ್ಣು ಮುಗಿದು, ಕೊಟ್ಟಿಗೆಯ ಹಸಿಹಾಲೊಂದೇ ಉಳಿದ ದಿನ ಒಬ್ಬನಿಗೆ ಅದು ಊಟ, ಇನ್ನೊಬ್ಬನಿಗೆ ಇದ್ದ ನೀರಿನಂಶವನ್ನೂ ಕಳೆಯುವ ಬೇದಿ. ಬರ ಬರುವುದು ಅಪರೂಪ. ಬಂದಾಗ ಆರಿಸುವ ಕೈ ಮಾತ್ರ ಬಿಗಿ. ತಂಡ ಈ ಊಹೆಯನ್ನೂ ಲೆಕ್ಕಕ್ಕೆ ಹಾಕಿತು: ಹಳೆಯ ವಸತಿಗಳ ಜನಸಂಖ್ಯೆ ಏರಿಳಿದ ಕಾಲಗಳು ಬರಕ್ಕೆ ಗುರುತು, ಜನ ಒತ್ತೊತ್ತಾಗಿ ಬದುಕಿದ ಕಾಲಗಳು ಸೋಂಕಿಗೆ ಗುರುತು. ಟಿ ಅಕ್ಷರ ಏರಿದ ಗೆರೆಗೆ ಮಡಕೆಯ ಹಾಲಿಗಿಂತ ಇವೆರಡೂ ಚೆನ್ನಾಗಿ ಹೊಂದಿದವು. ಎರಡೂ ನೇರ ಸಾಕ್ಷಿಯಲ್ಲ, ಗುರುತುಗಳಷ್ಟೇ, ಅದೂ ಯುರೋಪಿನವು. ಟಿಶ್ಕಾಫ್ ಬೆರಳು ಚುಚ್ಚಿದ ದನಗಾಹಿಗಳ ನಾಡಿನಲ್ಲಿ ಅಷ್ಟೊಂದು ಹಳೆಯ ಮಡಕೆಗಳನ್ನೂ ಮೂಳೆಗಳನ್ನೂ ಹೀಗೆ ಒಟ್ಟಿಗಿಟ್ಟು ನೋಡುವ ಕೆಲಸ ಬಾಕಿ ಇದೆ.