ಡಿಜಿಟಲ್ ಶಿಲ್ಪಕ್ಕೆ ಹೊಸ ಜಾಲ

ಕಂಪ್ಯೂಟರಿನಲ್ಲಿ ಕೆತ್ತಿದ ಒಂದು ಮುಖದಲ್ಲಿ ಲಕ್ಷಗಟ್ಟಲೆ ಪಾಲಿಗನ್‌ಗಳಿರುತ್ತವೆ. ಚರ್ಮದ ಸುಕ್ಕಿಗೆ ಅವು ಬೇಕು. ಆದರೆ ಬಾಯಿ ತೆರೆಯುವ, ಕಣ್ಣು ಮಿಟುಕಿಸುವ ಗೇಮ್ ಪಾತ್ರಕ್ಕೆ ಅವು ಹೊರೆ. ಹಾಗಾಗಿ ಶಿಲ್ಪದ ಮೇಲೆಯೇ ಕೆಲವೇ ಸಾವಿರ ಪಾಲಿಗನ್‌ಗಳ ಹೊಸ ಜಾಲವನ್ನು ಹೆಣೆಯುತ್ತಾರೆ. ಇದೇ ರೀಟೋಪಾಲಜಿ.

ಬ್ಲೆಂಡರ್ ತಂತ್ರಾಂಶದಲ್ಲಿ ಮೊದಲು ಸ್ನ್ಯಾಪಿಂಗ್ ಅನ್ನು Face ಎಂಬ ಆಯ್ಕೆಗೆ ಇಡಬೇಕು. ಆಗ ಹೊಸ ಬಿಂದುಗಳು ಶಿಲ್ಪದ ಮೈಗೆ ಅಂಟಿಕೊಳ್ಳುತ್ತವೆ. Mirror ಮಾಡಿಫೈಯರ್ ಹಾಕಿದರೆ ಅರ್ಧ ಮುಖ ಹೆಣೆದರೆ ಸಾಕು.

ಕೆನ್ನೆಯಿಂದ ಶುರುಮಾಡುವುದು ತಪ್ಪು. ಮೊದಲು ಕಣ್ಣಿನ ಸುತ್ತ, ಆಮೇಲೆ ಬಾಯಿಯ ಸುತ್ತ ಚತುರ್ಭುಜಗಳ ಉಂಗುರಗಳನ್ನು ಹಾಕಬೇಕು. ಅಲ್ಲಿನ ಸ್ನಾಯುಗಳೂ ವೃತ್ತಾಕಾರದಲ್ಲೇ ಇರುವುದರಿಂದ ರೆಪ್ಪೆ, ತುಟಿಗಳು ಸಹಜವಾಗಿ ಮಡಚುತ್ತವೆ. ಉಂಗುರಗಳ ನಡುವಿನ ಜಾಗವನ್ನು ಕೊನೆಗೆ ತುಂಬಬಹುದು. ಅಲ್ಲಿ ಐದು ಗೆರೆಗಳು ಕೂಡುವ ಬಿಂದುಗಳು ಬಂದೇ ಬರುತ್ತವೆ. ಅವು ತುಟಿಯ ಮೂಲೆಗೆ ಬಿದ್ದರೆ ನಗುವಾಗ ಚರ್ಮ ಚಿವುಟಿದಂತೆ ಕಾಣುತ್ತದೆ. ಕಡಿಮೆ ಅಲುಗಾಡುವ ಕಡೆಗೆ ಸರಿಸಬೇಕು. ತಲೆಯ ಹಿಂಭಾಗಕ್ಕೆ ದೊಡ್ಡ ಚೌಕಗಳು ಧಾರಾಳವಾಗಿ ಸಾಕು.

ಜಾಲ ಮುಗಿದ ಮೇಲೆ ಯುವಿ ಬಿಡಿಸಿ, ಶಿಲ್ಪದ ಸುಕ್ಕುಗಳನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರವಾಗಿ ಬೇಕ್ ಮಾಡುತ್ತಾರೆ. ಈ ಚಿತ್ರ ಬೆಳಕಿನ ವರ್ತನೆಯನ್ನಷ್ಟೇ ಬದಲಿಸುತ್ತದೆ, ಆಕಾರವನ್ನಲ್ಲ. ಮೂಗಿನ ಅಂಚು ಪಕ್ಕದಿಂದ ಮೂಲೆಮೂಲೆಯಾಗಿ ಕಂಡರೆ ಮ್ಯಾಪ್ ತಿದ್ದಿ ಪ್ರಯೋಜನವಿಲ್ಲ, ಅಲ್ಲಿಗೆ ಇನ್ನಷ್ಟು ಪಾಲಿಗನ್ ಸೇರಿಸಲೇಬೇಕು.