ನೂರಾ ಮೂರರ ಅಜ್ಜಿ, ಆರು ವಾರದ ಬಾಡಿಗೆದಾರ

ಝುಂಪಾ ಲಾಹಿರಿ ಅವರ ‘ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್’ ಕಥೆಯಲ್ಲಿ ಮುಖ್ಯ ಪಾತ್ರಗಳು ಮೂರೇ: ಹೆಸರಿಲ್ಲದ ಒಬ್ಬ ಬಂಗಾಳಿ ಯುವಕ, ಅವನು ಇನ್ನೂ ಸರಿಯಾಗಿ ಅರಿಯದ ಹೆಂಡತಿ ಮಾಲಾ, ಮತ್ತು ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟ ಮಿಸೆಸ್ ಕ್ರಾಫ್ಟ್ ಎಂಬ ಮುದುಕಿ. 1999ರ ಜೂನ್‌ನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದ ಈ ಕಥೆ ಅದೇ ವರ್ಷ ಪ್ರಕಟವಾದ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ ಸಂಕಲನದ ಒಂಬತ್ತು ಕಥೆಗಳಲ್ಲಿ ಕೊನೆಯದು. ಆ ಸಂಕಲನಕ್ಕೆ 2000ದ ಪುಲಿಟ್ಜರ್ ಪ್ರಶಸ್ತಿ ಬಂತು. ಮನೆಯೊಡತಿ ಮತ್ತು ಬಾಡಿಗೆದಾರ ನಿಧಾನವಾಗಿ ಮನೆಯವರಂತಾಗುವ ಕಥೆಗಳು ಬಹಳಷ್ಟಿವೆ. ಸಾಮಾನ್ಯವಾಗಿ ಅವುಗಳಲ್ಲಿ ಅಜ್ಜಿ ಊಟ ಬಡಿಸುತ್ತಾಳೆ, ಹುಡುಗ ಔಷಧಿ ತಂದುಕೊಡುತ್ತಾನೆ, ಕೊನೆಗೆ ಇಬ್ಬರೂ ಅಳುತ್ತಾರೆ. ಲಾಹಿರಿ ಅವರ ಕಥೆಯಲ್ಲಿ ಇವು ಯಾವುವೂ ಇಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಇರುವುದು ಆರೇ ವಾರ, ಅವರ ನಡುವೆ ನಡೆಯುವ ಮಾತು ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಒಂದೇ.

ಯುವಕ 1964ರಲ್ಲಿ ವಾಣಿಜ್ಯದ ಒಂದು ಪ್ರಮಾಣಪತ್ರ ಹಿಡಿದು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟವನು. ಲಂಡನ್ನಿನಲ್ಲಿ ತನ್ನಂಥ ಬಂಗಾಳಿ ಬ್ರಹ್ಮಚಾರಿಗಳ ಜತೆ ಒಂದೇ ಮನೆಯಲ್ಲಿದ್ದು, ಮೊಟ್ಟೆ ಸಾರು ಬೇಯಿಸಿಕೊಂಡು, ಓದುತ್ತ, ಗ್ರಂಥಾಲಯದಲ್ಲಿ ದುಡಿಯುತ್ತ ಐದು ವರ್ಷ ಕಳೆಯುತ್ತಾನೆ. 1969ರಲ್ಲಿ ಅವನಿಗೆ ಮೂವತ್ತಾರು. ಒಂದೇ ಸಮಯಕ್ಕೆ ಎರಡು ಸಂಗತಿ ಒದಗಿಬರುತ್ತವೆ: ಅಣ್ಣ ಗೊತ್ತುಮಾಡಿದ ಮದುವೆ, ಮತ್ತು ಅಮೆರಿಕದ ಎಂಐಟಿಯ ಗ್ರಂಥಾಲಯದಲ್ಲಿ ಕೆಲಸ. ಕಲ್ಕತ್ತೆಗೆ ಹೋಗಿ ತಾಳಿ ಕಟ್ಟಿದಷ್ಟೇ ಸಹಜವಾಗಿ ಒಂದು ವಾರದಲ್ಲಿ ಬಾಸ್ಟನ್ನಿನ ವಿಮಾನ ಹತ್ತುತ್ತಾನೆ. ಆ ಒಂದು ವಾರದ ರಾತ್ರಿಗಳಲ್ಲಿ ಮಾಲಾ ತವರನ್ನು ನೆನೆದು ಅಳುತ್ತಿದ್ದರೆ, ಅವನು ಪಕ್ಕದಲ್ಲೇ ಮಲಗಿ ಅಮೆರಿಕದ ಬಗೆಗಿನ ಮಾರ್ಗದರ್ಶಿ ಪುಸ್ತಕ ಓದುತ್ತಿದ್ದ. ಅವಳಿಗೆ ಕಾಗದಪತ್ರ ಸಿಗಲು ವಾರಗಟ್ಟಲೆ ಕಾಯಬೇಕು. ಅವನ ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ, ಇಬ್ಬರು ಅಮೆರಿಕನ್ನರು ಚಂದ್ರನ ಮೇಲೆ ಇಳಿದರೆಂದು ಕ್ಯಾಪ್ಟನ್ ಘೋಷಿಸುತ್ತಾನೆ. ಅಂದರೆ ಅದು 1969ರ ಜುಲೈ 20.

ಕೇಂಬ್ರಿಜ್‌ನಲ್ಲಿ ಮೊದಲು ವೈಎಂಸಿಎಯ ಕೋಣೆ, ಎರಡು ಹೊತ್ತೂ ಕಾರ್ನ್‌ಫ್ಲೇಕ್ಸ್ ಮತ್ತು ಹಾಲು. ಹೆಂಡತಿ ಬರುವವರೆಗೆ ಇರಲು ಅಗ್ಗದ ಒಂದು ಜಾಗ ಬೇಕು. ಮಿಸೆಸ್ ಕ್ರಾಫ್ಟ್ ತನ್ನ ಕೋಣೆಯನ್ನು ಹಾರ್ವರ್ಡ್ ಅಥವಾ ‘ಟೆಕ್’ನ, ಅಂದರೆ ಎಂಐಟಿಯ, ಹುಡುಗರಿಗೆ ಮಾತ್ರ ಕೊಡುವವಳು. ಬಾಡಿಗೆ ವಾರಕ್ಕೆ ಎಂಟು ಡಾಲರ್. ಹೆಂಗಸರು ಭೇಟಿಗೆ ಬರಕೂಡದು. ಒಳಗೆ ಬಂದೊಡನೆ ಬಾಗಿಲು ಹಾಕಿ, ಸರಪಳಿ ಸಿಕ್ಕಿಸಿ, ಹಿಡಿಯ ಗುಂಡಿ ಒತ್ತಬೇಕು.

ಕಥೆಯ ಯಂತ್ರ ಇರುವುದು ಇಲ್ಲಿಂದ ಮುಂದೆ. ಉದ್ದನೆಯ ಕಪ್ಪು ಲಂಗ ತೊಟ್ಟು ಪಿಯಾನೊದ ಬೆಂಚಿನ ಮೇಲೆ ಕುಳಿತ ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಂದ್ರನ ಮೇಲೆ ಅಮೆರಿಕದ ಬಾವುಟ ಇದೆ ಎಂದು ಅಬ್ಬರಿಸುತ್ತಾಳೆ. ಅವನು ಹೌದೆಂದರೆ ಸಾಲದು. ‘ಸ್ಪ್ಲೆಂಡಿಡ್’ ಎಂದು ಗಟ್ಟಿಯಾಗಿ ಹೇಳಲೇಬೇಕು. ಮೊದಲ ಸಲ ಅವನಿಗೆ ಮುಜುಗರವಾಗುತ್ತದೆ. ಬಾಲ್ಯದ ಶಾಲೆಯಲ್ಲಿ ನೆಲದ ಮೇಲೆ ಕುಳಿತು ಮೇಷ್ಟರ ಹಿಂದೆ ಮಗ್ಗಿ ಹೇಳಿದ್ದು ನೆನಪಾಗುತ್ತದೆ. ಮದುವೆಯ ದಿನ ಅರ್ಥವಾಗದ ಸಂಸ್ಕೃತ ಮಂತ್ರಗಳನ್ನು ಪುರೋಹಿತರ ಹಿಂದೆ ಹೇಳಿದ್ದೂ ನೆನಪಾಗುತ್ತದೆ. ಓದುವಾಗ ಈ ಎರಡನೆಯ ನೆನಪನ್ನು ಹಗುರವಾಗಿ ದಾಟಿಬಿಡುವುದು ಸುಲಭ, ಆದರೆ ಕಥೆಯ ಬೀಗದ ಕೈ ಅದೇ. ಅರ್ಥವಾಗದೆ ಹೇಳಿದ ಮಾತು ಅವನನ್ನು ಒಬ್ಬ ಅಪರಿಚಿತೆಗೆ ಆಗಲೇ ಒಮ್ಮೆ ಕಟ್ಟಿಹಾಕಿದೆ. ಈಗ ಇನ್ನೊಬ್ಬಳ ಮುಂದೆಯೂ ಅದೇ ಆಗುತ್ತಿದೆ.

ಪ್ರತಿ ರಾತ್ರಿ ಅದೇ ಬೆಂಚು, ಅದೇ ಬಾವುಟ, ಅದೇ ಉತ್ತರ. ಮಾತು ಬದಲಾಗುವುದಿಲ್ಲ, ಅದರೊಳಗಿನ ಭಾವ ಬದಲಾಗುತ್ತದೆ. ಮೊದಲು ಅದು ವಿಚಿತ್ರ, ಆಮೇಲೆ ರೂಢಿ. ಕೆಲವು ದಿನಗಳ ನಂತರ ಅವನಿಗೆ ಒಂದು ವಿಷಯ ತಿಳಿದಿರುತ್ತದೆ: ನೌಕೆ ಹೊರಡುವಾಗ ಆ ಬಾವುಟ ಬಿದ್ದುಹೋಯಿತೆಂದು ಪತ್ರಿಕೆಯಲ್ಲಿ ಓದಿದ್ದಾನೆ. ಇದು ಲೇಖಕಿಯ ಕಲ್ಪನೆಯಲ್ಲ. ಅಪೋಲೊ 11ರ ಬಾವುಟ ಎಂಜಿನ್ನಿನ ರಭಸಕ್ಕೆ ಉರುಳಿದ್ದನ್ನು ಬಜ್ ಆಲ್ಡ್ರಿನ್ ಹೇಳಿದ್ದರು. ಯುವಕ ಅದನ್ನು ಅಜ್ಜಿಗೆ ಹೇಳುವುದಿಲ್ಲ, ಹೇಳಲು ಮನಸ್ಸು ಬರುವುದಿಲ್ಲ. ಇಬ್ಬರ ನಡುವೆ ಅಕ್ಕರೆ ಹುಟ್ಟಿದೆ ಎಂಬುದಕ್ಕೆ ಲಾಹಿರಿ ಕೊಡುವ ಮೊದಲ ಪುರಾವೆ ಇದು. ಅಕ್ಕರೆ ಎಂಬ ಮಾತನ್ನು ಆಕೆ ಎಲ್ಲೂ ಬಳಸುವುದಿಲ್ಲ.

ಬಾಡಿಗೆಯ ಲಕೋಟೆಯದು ಎರಡನೆಯ ಪುರಾವೆ. ಪಿಯಾನೊದ ಮೇಲಿನ ಅಂಚಿನಲ್ಲಿ ಇಟ್ಟು ಹೋಗಬೇಕೆಂದು ಅಪ್ಪಣೆಯಾಗಿತ್ತು. ಅವನು ಅಲ್ಲಿಡದೆ ಅಜ್ಜಿಯ ಕೈಗೇ ಕೊಡುತ್ತಾನೆ. ಆಕೆ ಮೊದಲು ಗೊಂದಲಗೊಂಡರೂ ನಂತರ ಅದನ್ನು ಅವನ ಒಳ್ಳೆಯತನವೆಂದು ಮೆಚ್ಚಿಕೊಳ್ಳುತ್ತಾಳೆ. ಕೊಡಬೇಕಾದ ದುಡ್ಡನ್ನು ಕೈಗೆ ಕೊಟ್ಟದ್ದಷ್ಟೇ ಇಲ್ಲಿ ನಡೆದದ್ದು. ಆದರೂ ಅಮೆರಿಕದಲ್ಲಿ ಅವನಿಗೆ ಸಿಕ್ಕ ಮೊದಲ ಆತ್ಮೀಯ ಮಾತು ಅದೇ.

ನಡುವೆ ಒಂದು ಭಾನುವಾರ ಮಗಳು ಹೆಲೆನ್ ಬರುತ್ತಾಳೆ. ಅವಳಿಗೇ ಅರವತ್ತೆಂಟು. ವಾರಕ್ಕೊಮ್ಮೆ ಬಂದು ತಾಯಿಗೆ ಸೂಪ್ ಒದಗಿಸಿ ಹೋಗುವುದು ಅವಳ ಪಾಳಿ. ಮಹಡಿಯಲ್ಲಿ ಅವಳು ಬಾಡಿಗೆದಾರನ ಜತೆ ಎರಡು ಮಾತಾಡಿದ್ದಕ್ಕೇ ಕೆಳಗಿನಿಂದ ಅಜ್ಜಿಯ ಗದರಿಕೆ ಕೇಳಿಸುತ್ತದೆ: ಮದುವೆಯಾಗದ ಗಂಡು ಹೆಣ್ಣು ಹಿರಿಯರಿಲ್ಲದೆ ಹೀಗೆ ಮಾತಾಡುವುದು ಸಲ್ಲದು. ಈ ಪ್ರಸಂಗ ನಗಿಸುತ್ತದೆ, ಅದರ ಬೆನ್ನಿಗೇ ಹೆಲೆನ್ ತಾಯಿಯ ವಯಸ್ಸು ಹೇಳುತ್ತಾಳೆ. ನೂರಾ ಮೂರು. ಅಂದರೆ ಹುಟ್ಟಿದ್ದು 1866ರಲ್ಲಿ. ವಿಧವೆಯಾಗಿ, ನಲವತ್ತು ವರ್ಷ ಪಿಯಾನೊ ಕಲಿಸಿ ಮಕ್ಕಳನ್ನು ಸಾಕಿದ ಹೆಂಗಸು. ಗಂಟುಗಳು ಊದಿಕೊಂಡಿರುವುದು ಅದರಿಂದ.

ಯುವಕ ತಲ್ಲಣಿಸುವುದು ವಯಸ್ಸಿಗಲ್ಲ, ವೈಧವ್ಯಕ್ಕೆ. ಅವನಿಗೆ ಹದಿನಾರಾಗಿದ್ದಾಗ ತಂದೆ ತೀರಿಕೊಂಡಿದ್ದರು. ಆ ಪೆಟ್ಟಿನಿಂದ ತಾಯಿ ಮತ್ತೆ ಏಳಲಿಲ್ಲ, ಕ್ರಮೇಣ ಬುದ್ಧಿ ಕಳೆದುಕೊಂಡಳು. ಸತ್ತಾಗ ಅವಳ ಉಗುರುಗಳನ್ನು ಒಂದೊಂದಾಗಿ ಶುಚಿಮಾಡಿದವನು ಅವನು. ಅಣ್ಣನಿಗೆ ಕೈಯಾಡದ್ದರಿಂದ ಹಿರಿಮಗನ ಸ್ಥಾನದಲ್ಲಿ ನಿಂತು ಬೆಂಕಿ ಇಟ್ಟವನೂ ಅವನೇ. ತಾಯಿಯನ್ನು ಕೆಡವಿದ ದುಃಖವನ್ನೇ ಮೆಟ್ಟಿ ಈ ಮುದುಕಿ ಶತಮಾನ ದಾಟಿದ್ದಾಳೆ. ಅಂದಿನಿಂದ ಅವನು ಸಂಜೆ ಕೆಲಸದಿಂದ ಬಂದ ಮೇಲೂ ಆಕೆ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದಾಳೆಯೇ ಎಂದು ನೋಡಲು ಇಳಿದು ಬರುತ್ತಾನೆ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರುತ್ತಾನೆ.

ಕಡಿಮೆ ಕಸುಬಿನ ಕಥೆಗಾರರಾಗಿದ್ದರೆ ಇಲ್ಲಿ ಅಜ್ಜಿಯನ್ನು ಎರಡನೆಯ ತಾಯಿಯನ್ನಾಗಿ ಮಾಡಿಬಿಡುತ್ತಿದ್ದರು. ಲಾಹಿರಿ ಅದಕ್ಕೆ ಬಾಗಿಲು ಹಾಕುತ್ತಾರೆ. ತಾನು ಆಕೆಯ ಮಗನಲ್ಲ, ಎಂಟು ಡಾಲರ್ ಬಿಟ್ಟರೆ ಬೇರೇನನ್ನೂ ಕೊಡಬೇಕಾದವನಲ್ಲ ಎಂದು ನಿರೂಪಕನೇ ಒಪ್ಪಿಕೊಳ್ಳುತ್ತಾನೆ. ಹೆಂಡತಿಯ ಕಾಗದಪತ್ರ ಬಂದಾಗ ಬೇರೆ ಮನೆ ಹಿಡಿದು ಹೊರಡುತ್ತಾನೆ. ಬೀಳ್ಕೊಡುಗೆಯಲ್ಲಿ ಕಣ್ಣೀರಿಲ್ಲ, ಆಕೆಯ ಪಾಲಿಗೆ ಅವನು ಬಂದುಹೋದ ಬಾಡಿಗೆದಾರರಲ್ಲಿ ಒಬ್ಬ. ಈ ಅಸಮತೆಯನ್ನು ಮುಚ್ಚಿಡದೆ ತೋರಿಸಿರುವುದರಿಂದಲೇ ಮುಂದಿನ ದೃಶ್ಯವನ್ನು ಓದುಗ ನಂಬುತ್ತಾನೆ.

ಮಾಲಾ ಬಂದ ಮೇಲಿನ ದಿನಗಳು ಇಕ್ಕಟ್ಟಿನವು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿದ್ದರೂ ಒಬ್ಬರಿಗೊಬ್ಬರು ಹೊರಗಿನವರು. ಒಂದು ಸಂಜೆ ತಿರುಗಾಡಲು ಹೊರಟಾಗ ಅವನ ಕಾಲು ಹಳೆಯ ಮನೆಯ ಕಡೆಗೆ ನಡೆಯುತ್ತದೆ. ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾಳೆ. ಬಿದ್ದಾಗ ಪೊಲೀಸರಿಗೆ ತಾನೇ ಫೋನ್ ಮಾಡಿದೆನೆಂದು ಹೆಮ್ಮೆಯಿಂದ ಸಾರುತ್ತಾಳೆ. ಅವನ ಬಾಯಿಂದ ತಾನಾಗಿಯೇ ‘ಸ್ಪ್ಲೆಂಡಿಡ್’ ಹೊರಡುತ್ತದೆ. ಯಾರೂ ಅಪ್ಪಣೆ ಮಾಡದೆ ಅವನು ಆ ಮಾತು ಹೇಳುವುದು ಇದೇ ಮೊದಲು. ಮಾಲಾ ನಗುತ್ತಾಳೆ.

ನಕ್ಕದ್ದು ಯಾರೆಂದು ತಿಳಿದ ಅಜ್ಜಿ ಅವಳನ್ನು ಎದ್ದು ನಿಲ್ಲಿಸುತ್ತಾಳೆ. ಮಾಲಾ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು ನಿಲ್ಲುತ್ತಾಳೆ. ಆ ಕ್ಷಣದಲ್ಲಿ ಗಂಡನಿಗೆ, ಅವಳು ಬಂದ ಮೇಲೆ ಮೊದಲ ಬಾರಿ, ಅವಳ ಬಗ್ಗೆ ಅನುಕಂಪ ಹುಟ್ಟುತ್ತದೆ. ಲಂಡನ್ನಿಗೆ ಇಳಿದ ಹೊಸತರಲ್ಲಿ ತಾನೂ ಹೀಗೆಯೇ ನಿಂತಿದ್ದನಲ್ಲ. ಕುಂಕುಮ, ಬಳೆ, ಸೀರೆ, ಇವುಗಳಲ್ಲಿ ಯಾವುದನ್ನು ಅಜ್ಜಿ ಆಕ್ಷೇಪಿಸುವಳೋ ಎಂದು ಅವನಿಗೆ ದಿಗಿಲು. ಅಜ್ಜಿ ಅಡಿಯಿಂದ ಮುಡಿಯವರೆಗೆ ನೋಡಿ, ಇವಳು ಅಪ್ಪಟ ಸಂಭಾವಿತೆ ಎಂಬ ತೀರ್ಪು ಕೊಡುತ್ತಾಳೆ. ಕರಿಯ ಮೈಬಣ್ಣ ಎಂದು ಊರಿನ ವರಗಳು ಬೇಡವೆಂದಿದ್ದ ಹುಡುಗಿಗೆ ಈ ಪ್ರಶಂಸೆ ಸಿಗುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಅಜ್ಜಿಯಿಂದ. ಆಕೆಯ ಅಳತೆಗೋಲು ಹಳೆಯ ಕಾಲದ ಮರ್ಯಾದೆ, ಮೊಣಕಾಲು ತೋರಿಸುವ ಲಂಗ ಕಂಡರಾಗದ ಮರ್ಯಾದೆ. ಆ ಕೋಲಿನಿಂದ ಅಳೆದರೆ ಸೀರೆಯುಟ್ಟ ಮಾಲಾ ನೂರಕ್ಕೆ ನೂರು. ಈಗ ಗಂಡನೂ ನಗುತ್ತಾನೆ. ಇಬ್ಬರೂ ಮುಖ ನೋಡಿಕೊಂಡು ಮೊದಲ ಸಲ ಮುಗುಳ್ನಗುತ್ತಾರೆ. ತಮ್ಮ ನಡುವಿನ ದೂರ ಕರಗತೊಡಗಿದ್ದು ಅಲ್ಲಿಯೇ ಎಂದು ನಿರೂಪಕ ನಂಬುತ್ತಾನೆ. ಈ ಕಥೆಯಲ್ಲಿ ಮನೆಯೊಡತಿ ಬಾಡಿಗೆದಾರನಿಗೆ ಬಂಧುವಾಗುವುದು ತಾಯಿಯಾಗಿ ಅಲ್ಲ, ಅವನ ಹೆಂಡತಿಯನ್ನು ಅವನಿಗೆ ತೋರಿಸಿಕೊಟ್ಟವಳಾಗಿ.

ಕೆಲವು ತಿಂಗಳ ನಂತರ ಪತ್ರಿಕೆಯಲ್ಲಿ ಅಜ್ಜಿಯ ನಿಧನದ ಸುದ್ದಿ ಓದಿ ಅವನು ಕುಸಿಯುತ್ತಾನೆ. ಸಮಾಧಾನ ಮಾಡುವವಳು ಮಾಲಾ. ಮುಂದಿನ ಮೂವತ್ತು ವರ್ಷಗಳನ್ನು ಲಾಹಿರಿ ಒಂದೆರಡು ಪುಟಗಳಲ್ಲಿ ಮುಗಿಸುತ್ತಾರೆ: ಸ್ವಂತ ಮನೆ, ಹಾರ್ವರ್ಡಿನಲ್ಲಿ ಓದುವ ಮಗ. ಅಜ್ಜಿಯ ಮನೆ ತೋರಿಸಿದಾಗ ಮಗನಿಗೆ ಆಶ್ಚರ್ಯವಾಗುವುದು ಅಪ್ಪ ನೂರಾ ಮೂರು ವರ್ಷದವಳ ಜತೆ ಇದ್ದನೆಂಬುದಕ್ಕಲ್ಲ, ಬಾಡಿಗೆ ಅಷ್ಟು ಕಡಿಮೆ ಇತ್ತೆಂಬುದಕ್ಕೆ.

ಕಥೆಯ ಬೇರು ಲೇಖಕಿಯ ತಂದೆಯ ಅನುಭವದಲ್ಲಿದೆ. ಅವರೂ ಲಂಡನ್ನಿನಿಂದ ಅಮೆರಿಕಕ್ಕೆ ಹೋದ ಬಂಗಾಳಿ, ವೃತ್ತಿಯಿಂದ ಗ್ರಂಥಪಾಲಕರು, ಮುಂದೆ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. ಹೊಸತರಲ್ಲಿ ಅಂಥದೇ ಶತಾಯುಷಿ ವಿಧವೆಯ ಮನೆಯಲ್ಲಿ ಕೋಣೆ ಹಿಡಿದಿದ್ದರು. ಆದರೆ ನಿಜಜೀವನದ ಒಂದು ಸಂಗತಿಯನ್ನು ಕಥೆ ಬಿಟ್ಟುಬಿಟ್ಟಿದೆ. ಲಾಹಿರಿ ಹುಟ್ಟಿದ್ದು 1967ರಲ್ಲಿ, ಲಂಡನ್ನಿನಲ್ಲಿ. 1969ರಲ್ಲಿ ಆ ದಂಪತಿಗೆ ಎರಡು ವರ್ಷದ ಮಗಳಿದ್ದಳು. ಗಂಡ ಹೆಂಡತಿ ಇನ್ನೂ ಅಪರಿಚಿತರಾಗಿರಬೇಕೆಂದೇ ಕಥೆಗಾರ್ತಿ ಮದುವೆಯನ್ನು ಮುಂದಕ್ಕೆ ತಳ್ಳಿ, ತನ್ನನ್ನೇ ಕಥೆಯಿಂದ ತೆಗೆದುಹಾಕಿದ್ದಾರೆ. ಹಾಗೆ ಮಾಡದಿದ್ದರೆ ಅಜ್ಜಿಯ ಕೋಣೆಯಲ್ಲಿ ಆ ನಗುವಿಗೆ ಕೆಲಸವೇ ಇರುತ್ತಿರಲಿಲ್ಲ.