ಗೋಡೆ ಗಡಿಯಾರ ಹಿಡಿದುಕೊಟ್ಟ ಅಜ್ಜನ ದನಿ

ಸಾಗರದ ಕಡೆಯ ಮನೆಯೊಂದರಿಂದ ಬೆಂಗಳೂರಿನ ಸೌಂಡ್ ಎಡಿಟರ್ ಕೈಗೆ ಬಂದ ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿದಿತ್ತು. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಉದುರಿ ಹೋಗಿತ್ತು. ಒಳಗಿದ್ದದ್ದು ಅರ್ಧ ಗಂಟೆಯ ಮಾತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ತನ್ನ ಗದ್ದೆಗಳ ಹೆಸರನ್ನು ಅಜ್ಜ ಒಂದೊಂದಾಗಿ ಹೇಳಿದ್ದ.

ಎಡಿಟರ್ ಅದನ್ನು ನೇರ ಪ್ಲೇಯರಿಗೆ ಹಾಕಲಿಲ್ಲ. ಹಾಕಿದ್ದರೆ ಬೂಷ್ಟು ಯಂತ್ರಕ್ಕೂ ಅಂಟಿ, ಟೇಪು ಸಿಕ್ಕಿಕೊಳ್ಳುತ್ತಿತ್ತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಐದು ಸ್ಕ್ರೂ ಬಿಚ್ಚಿದರು. ಮೆತ್ತನೆಯ ಒಣಬಟ್ಟೆಯ ನಡುವೆ ಟೇಪನ್ನು ಕೈಯಿಂದಲೇ ನಿಧಾನಕ್ಕೆ ಸುತ್ತಿ ಹೊಸ ಚಿಪ್ಪಿಗೆ ಕೂರಿಸಿದರು.

ದನಿ ಬಂತು. ಫೋನಿನಲ್ಲಿ ಕೇಳಿಸಿಕೊಂಡ ಮಗಳು ಮಾತ್ರ, "ಇದು ನಮ್ಮ ಅಪ್ಪಯ್ಯನ ದನಿಯೇ ಅಲ್ಲ" ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಶುರುವಿನಲ್ಲಿ ಸರಿಯಾಗಿದ್ದ ಮಾತು ಬರಬರುತ್ತಾ ತ್ವರೆಗೊಂಡು ಕೀಚಲಾಗುತ್ತಿತ್ತು. ರೆಕಾರ್ಡ್ ಮಾಡುವಾಗ ಸೆಲ್ಲುಗಳು ಇಳಿಯುತ್ತಿದ್ದವು ಎಂಬುದರ ಗುರುತು ಅದು. ಸೆಲ್ ಸೋತಂತೆ ಮೋಟಾರು ನಿಧಾನವಾಗುತ್ತದೆ, ಅಷ್ಟೇ ಮಾತು ಕಡಿಮೆ ಉದ್ದದ ಟೇಪಿನಲ್ಲಿ ಅಡಕವಾಗುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರಿನ ಸರಿಯಾದ ವೇಗದಲ್ಲಿ ಓಡಿಸಿದಾಗ ಆ ಮಾತು ಓಡೋಡಿ ಬರುತ್ತದೆ.

ಹಾಗಾದರೆ ಎಷ್ಟು ನಿಧಾನ ಮಾಡಬೇಕು? ಅಜ್ಜನನ್ನು ಎಂದೂ ಕೇಳದವರು ಅಂದಾಜಿನ ಮೇಲೆ ತಿದ್ದಿದರೆ ಇನ್ಯಾರದೋ ದನಿ ಹುಟ್ಟೀತು. ಮಾತಿನ ಹಿಂದೆ ಎಡಿಟರಿಗೆ ಟಿಕ್ ಟಿಕ್ ಸದ್ದು ಕೇಳಿಸಿತು. ಮುಳುಗಿದ ಮನೆಯಿಂದ ಹೊತ್ತು ತಂದಿದ್ದ ಲೋಲಕದ ಗಡಿಯಾರ ಅದು. ಈಗಲೂ ಅದೇ ಗೋಡೆಯ ಮೇಲೆ ನಡೆಯುತ್ತಿದೆ. ಲೋಲಕದ ಬಡಿತ ಅದರ ಉದ್ದವನ್ನು ಅವಲಂಬಿಸಿದ್ದರಿಂದ ವರ್ಷಗಳು ಕಳೆದರೂ ಹೆಚ್ಚು ಬದಲಾಗುವುದಿಲ್ಲ. ಮನೆಯವರು ಮೊಬೈಲಿನಲ್ಲಿ ಒಂದು ನಿಮಿಷದ ಸದ್ದು ಹಿಡಿದು ಕಳಿಸಿದರು. ಎಣಿಸಿದರೆ 100 ಬಡಿತ.

ಟೇಪಿನ ಮೊದಲ ನಿಮಿಷದಲ್ಲೂ 100. ಇಪ್ಪತ್ತನೆಯ ನಿಮಿಷಕ್ಕೆ 108, ಕೊನೆಗೆ 115. ಅಂದರೆ ಕೊನೆಯ ಭಾಗವನ್ನು ಶೇಕಡಾ 87ರ ವೇಗಕ್ಕೆ ಇಳಿಸಬೇಕು. ಎಡಿಟರ್ ಬಡಿತ ಎಣಿಸುತ್ತಾ ಹಂತಹಂತವಾಗಿ ವೇಗ ತಗ್ಗಿಸಿದರು. ಸ್ಥಾಯಿಯನ್ನು ಹಾಗೇ ಉಳಿಸಿ ವೇಗವನ್ನಷ್ಟೇ ಇಳಿಸುವ ಸೌಲಭ್ಯ ಕಂಪ್ಯೂಟರಿನಲ್ಲಿದೆ, ಇಲ್ಲಿ ಅದನ್ನು ಬಳಸಿದರೆ ಕೀಚಲು ದನಿ ಕೀಚಲಾಗಿಯೇ ಉಳಿಯುತ್ತದೆ. ಎರಡೂ ಒಟ್ಟಿಗೆ ಇಳಿಯಬೇಕು.

'ಸ್ಸ್' ಎನ್ನುವ ಟೇಪಿನ ಸದ್ದನ್ನು ಅವರು ಸ್ವಲ್ಪವೇ ತಗ್ಗಿಸಿದರು. ಪೂರ್ತಿ ತೆಗೆದರೆ ಸಕಾರ, ಶಕಾರಗಳೂ ಅದರೊಡನೆ ಹೋಗಿ, ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಗಡಿಯಾರದ ಸದ್ದನ್ನು ಮುಟ್ಟಲೇ ಇಲ್ಲ.

"ಹ್ಞಾಂ, ಇದು ಅಪ್ಪಯ್ಯ" ಎಂದರು ಮಗಳು.

ನಡುವಿನ 40 ಸೆಕೆಂಡು ಮಾತ್ರ ಮರಳಲಿಲ್ಲ. ಯಾರೋ ಮಕ್ಕಳು ಗುಂಡಿ ಒತ್ತಿ ಅದರ ಮೇಲೆ ರೇಡಿಯೊದ ಹಾಡು ತುಂಬಿದ್ದರು. ಹಳೆಯದನ್ನು ಅಳಿಸಿಯೇ ಯಂತ್ರ ಹೊಸದನ್ನು ಬರೆಯುವುದರಿಂದ ಅಲ್ಲಿದ್ದ ಗದ್ದೆಗಳ ಹೆಸರು ಹೋದವು. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ, ಕೇಳುವ ಮೊದಲು ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಮೇಲೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ.